ಡಯೋಡಿನೊಳಗೆ ಎರಡು ಕೆಪಾಸಿಟರ್: ರೇಡಿಯೋಗೆ ಬೇಕಾದದ್ದು ಒಂದೇ

ಬೆಂಗಳೂರಿನಲ್ಲಿ ಆಕಾಶವಾಣಿಯ ಎಫ್‌ಎಂ ರೇನ್‌ಬೋ ಕೇಳಲು 101.3 ಮೆಗಾಹರ್ಟ್ಸ್‌ಗೆ ಹೋಗಬೇಕು, ವಿವಿಧ ಭಾರತಿಗೆ 102.9ಕ್ಕೆ. ಹಳೆಯ ರೇಡಿಯೋದಲ್ಲಿ ಇದಕ್ಕೆ ಗುಂಡಿ ತಿರುಗಿಸುತ್ತಿದ್ದೆವು. ಗುಂಡಿಯ ಹಿಂದೆ ಗ್ಯಾಂಗ್ ಕಂಡೆನ್ಸರ್‌ನ ತಗಡುಗಳು ಒಂದರ ನಡುವೆ ಇನ್ನೊಂದು ಸರಿದು ಕೆಪಾಸಿಟೆನ್ಸನ್ನು ಬದಲಿಸುತ್ತಿದ್ದವು. ಬಟನ್ ಒತ್ತಿ ಸ್ಟೇಷನ್ ಹಿಡಿಯುವ ರೇಡಿಯೋಗಳು ಬಂದಾಗ ಆ ತಗಡುಗಳ ಜಾಗಕ್ಕೆ ಬಂದದ್ದು ಅಕ್ಕಿಕಾಳಿನಷ್ಟು ದೊಡ್ಡ ಒಂದು ಡಯೋಡ್. ಅದರ ಹೆಸರು ವ್ಯಾರಾಕ್ಟರ್.

ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು ಕೆಪಾಸಿಟರ್ ಆಗುವುದು ಹೇಗೆ? ಡಯೋಡಿನಲ್ಲಿ ಪಿ ಮತ್ತು ಎನ್ ಎಂಬ ಎರಡು ಬಗೆಯ ಸಿಲಿಕಾನ್ ಸೇರಿರುತ್ತವೆ. ಅವು ಕೂಡುವ ಜಾಗದಲ್ಲಿ ಎಲೆಕ್ಟ್ರಾನುಗಳೂ ಹೋಲ್‌ಗಳೂ ಒಂದನ್ನೊಂದು ತುಂಬಿಕೊಂಡು ಇಲ್ಲವಾಗುತ್ತವೆ. ಹೀಗೆ ನಡುವೆ ಒಂದು ತೆಳುವಾದ ಬರಿದಾದ ಪದರ ಉಳಿಯುತ್ತದೆ. ಅದು ವಿದ್ಯುತ್ತನ್ನು ಸಾಗಿಸುವುದಿಲ್ಲ, ಆದರೆ ಅದರ ಎರಡೂ ಬದಿ ಸಾಗಿಸುತ್ತವೆ. ಎರಡು ವಾಹಕಗಳ ನಡುವೆ ಒಂದು ಅವಾಹಕ ಇದ್ದರೆ ಅದು ಕೆಪಾಸಿಟರೇ. ಡಯೋಡಿಗೆ ವೋಲ್ಟೇಜನ್ನು ಉಲ್ಟಾ ಕೊಟ್ಟರೆ ಪದರ ಅಗಲವಾಗುತ್ತದೆ, ವಾಹಕಗಳ ನಡುವಿನ ದೂರ ಹೆಚ್ಚಿ ಕೆಪಾಸಿಟೆನ್ಸ್ ಇಳಿಯುತ್ತದೆ. ಇದು ಜಂಕ್ಷನ್ ಕೆಪಾಸಿಟೆನ್ಸ್. ಇಲ್ಲಿ ಕರೆಂಟ್ ಹರಿಯುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ.

ಅದೇ ಡಯೋಡಿಗೆ ವೋಲ್ಟೇಜನ್ನು ನೇರವಾಗಿ ಕೊಟ್ಟಾಗ ಇನ್ನೊಂದು ಕೆಪಾಸಿಟೆನ್ಸ್ ಹುಟ್ಟುತ್ತದೆ. ಹೋಲ್‌ಗಳು ಎನ್ ಬದಿಗೂ ಎಲೆಕ್ಟ್ರಾನುಗಳು ಪಿ ಬದಿಗೂ ನುಗ್ಗುತ್ತವೆ. ನುಗ್ಗಿದವು ಆ ಕ್ಷಣವೇ ಅಳಿಯುವುದಿಲ್ಲ, ಅಲ್ಪಕಾಲ ಬದುಕಿರುತ್ತವೆ. ಕಾಲುವೆಯಲ್ಲಿ ನೀರು ಹರಿಯುತ್ತಿರುವಷ್ಟು ಹೊತ್ತು ಕಾಲುವೆ ತುಂಬಿರುವಂತೆ, ಕರೆಂಟ್ ಹರಿಯುತ್ತಿರುವಷ್ಟು ಹೊತ್ತು ಡಯೋಡಿನಲ್ಲಿ ಚಾರ್ಜ್ ತುಂಬಿರುತ್ತದೆ. ವೋಲ್ಟೇಜ್ ಚೂರು ಹೆಚ್ಚಿಸಿದರೆ ಈ ಸಂಗ್ರಹ ಬಹಳ ಹೆಚ್ಚುತ್ತದೆ. ಇದು ಡಿಫ್ಯೂಷನ್ ಕೆಪಾಸಿಟೆನ್ಸ್. ಆ ಕಣಗಳ ಆಯಸ್ಸು ಒಂದು ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಭಾಗ, ಅಂದರೆ 10 ನ್ಯಾನೋಸೆಕೆಂಡ್ ಎಂದುಕೊಳ್ಳಿ. ಬರೀ 1 ಮಿಲಿಆಂಪಿಯರ್ ಕರೆಂಟಿಗೆ ಸುಮಾರು 400 ಪಿಕೋಫ್ಯಾರಡ್ ಬರುತ್ತದೆ. ಜಂಕ್ಷನ್ ಕೆಪಾಸಿಟೆನ್ಸ್ ಆಗಲೂ ಇದ್ದೇ ಇರುತ್ತದೆ, ಆದರೆ ಸಣ್ಣ ಡಯೋಡಿನಲ್ಲಿ ಅದು ಕೆಲವೇ ಪಿಕೋಫ್ಯಾರಡ್ ಆದ್ದರಿಂದ ಇದರ ಮುಂದೆ ಕಾಣುವುದೇ ಇಲ್ಲ.

ಇಷ್ಟು ದೊಡ್ಡದಾಗಿ, ಕರೆಂಟಿನೊಂದಿಗೆ ಏರಿಳಿಯುವ ಕೆಪಾಸಿಟೆನ್ಸ್ ಸಿಗುವಾಗ ಅದರಿಂದಲೇ ಏಕೆ ಟ್ಯೂನ್ ಮಾಡಬಾರದು? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಎರಡರ ವ್ಯತ್ಯಾಸ ಪೂರ್ತಿ ತಿಳಿದಂತೆ. 1 ಮಿಲಿಆಂಪಿಯರ್ ಹರಿಯುವ ಡಯೋಡು ಸಣ್ಣ ಸಿಗ್ನಲ್‌ಗೆ ಸುಮಾರು 25 ಓಮ್ ರೆಸಿಸ್ಟರ್‌ನಂತೆ ಕಾಣುತ್ತದೆ. ಡಿಫ್ಯೂಷನ್ ಕೆಪಾಸಿಟೆನ್ಸನ್ನು ಪಡೆದರೆ ಈ 25 ಓಮ್ ಅದರ ಬೆನ್ನಿಗೇ ಬರುತ್ತದೆ, ಏಕೆಂದರೆ ಎರಡನ್ನೂ ಹುಟ್ಟಿಸುವುದು ಒಂದೇ ಕರೆಂಟ್. ಟ್ಯೂನಿಂಗ್ ಸರ್ಕ್ಯೂಟಿನ ಕಾಯಿಲ್ ಒಳ್ಳೆಯದಾಗಿದ್ದರೆ ಅದರ ನಷ್ಟವನ್ನು ಅಡ್ಡಲಾಗಿ ಕೂತ ಕೆಲವು ಸಾವಿರ ಓಮ್‌ಗೆ ಸಮ ಎನ್ನಬಹುದು. ಅಲ್ಲಿ 25 ಓಮ್ ಅಡ್ಡ ಕೂತರೆ ಸ್ಟೇಷನ್ನುಗಳನ್ನು ಬೇರ್ಪಡಿಸುವ ಶಕ್ತಿಯೇ ಹೋಗುತ್ತದೆ. ಸಾಲದ್ದಕ್ಕೆ 100 ಮೆಗಾಹರ್ಟ್ಸ್‌ನಲ್ಲಿ ಒಂದು ಆವರ್ತನೆಯೇ 10 ನ್ಯಾನೋಸೆಕೆಂಡು. ಸಂಗ್ರಹವಾದ ಚಾರ್ಜ್ ಆ ವೇಗಕ್ಕೆ ಹೆಜ್ಜೆ ಹಾಕಲಾರದು. ಜಂಕ್ಷನ್ ಕೆಪಾಸಿಟೆನ್ಸ್‌ಗೆ ಈ ಕಾಯುವಿಕೆಯೂ ಇಲ್ಲ, ಆ ಸೋರಿಕೆಯೂ ಇಲ್ಲ. ಆದ್ದರಿಂದಲೇ ವ್ಯಾರಾಕ್ಟರ್ ಸದಾ ಉಲ್ಟಾ ವೋಲ್ಟೇಜಿನಲ್ಲೇ ಕೆಲಸ ಮಾಡುತ್ತದೆ.

ಈಗ ನಮ್ಮ ಎರಡು ಸ್ಟೇಷನ್‌ಗಳನ್ನು ಹಿಡಿಯೋಣ. ಸಾಮಾನ್ಯ ಎಫ್‌ಎಂ ರೇಡಿಯೋ ತನ್ನೊಳಗೆ ಒಂದು ಆಸಿಲೇಟರ್ ಇಟ್ಟುಕೊಂಡು, ಬೇಕಾದ ಸ್ಟೇಷನ್‌ಗಿಂತ 10.7 ಮೆಗಾಹರ್ಟ್ಸ್ ಮೇಲೆ ಅದನ್ನು ಓಡಿಸುತ್ತದೆ. ಹಾಗಾಗಿ ರೇನ್‌ಬೋಗೆ ಆಸಿಲೇಟರ್ 112 ಮೆಗಾಹರ್ಟ್ಸ್‌ನಲ್ಲಿರಬೇಕು, ವಿವಿಧ ಭಾರತಿಗೆ 113.6ರಲ್ಲಿ. ಕಾಯಿಲ್ 0.1 ಮೈಕ್ರೋಹೆನ್ರಿ ಇದ್ದರೆ ಮೊದಲನೆಯದಕ್ಕೆ ಒಟ್ಟು 20.2 ಪಿಕೋಫ್ಯಾರಡ್ ಬೇಕು, ಎರಡನೆಯದಕ್ಕೆ 19.6. ಅರ್ಧ ಪಿಕೋಫ್ಯಾರಡ್‌ಗಿಂತ ತುಸು ಹೆಚ್ಚಿನ ವ್ಯತ್ಯಾಸವೇ ಸ್ಟೇಷನ್ ಬದಲಿಸುತ್ತದೆ. ತಂತಿ, ಬೋರ್ಡು, ಟ್ರಾನ್ಸಿಸ್ಟರುಗಳ ಪಾಲು 8 ಪಿಕೋಫ್ಯಾರಡ್ ಎಂದು ಬಿಟ್ಟರೆ ಉಳಿದದ್ದನ್ನು ವ್ಯಾರಾಕ್ಟರ್ ಕೊಡಬೇಕು.

ಸಾದಾ ವ್ಯಾರಾಕ್ಟರಿನ ಕೆಪಾಸಿಟೆನ್ಸ್, ಕೊಟ್ಟ ವೋಲ್ಟೇಜಿಗೆ ಜಂಕ್ಷನ್ನಿನ ಸ್ವಂತದ 0.7 ವೋಲ್ಟ್ ಕೂಡಿಸಿದರೆ ಬರುವ ಮೊತ್ತದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ವೋಲ್ಟೇಜೇ ಇಲ್ಲದಾಗ 35 ಪಿಕೋಫ್ಯಾರಡ್ ಇರುವ ಒಂದನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ ರೇನ್‌ಬೋಗೆ ಸುಮಾರು 5.1 ವೋಲ್ಟ್, ವಿವಿಧ ಭಾರತಿಗೆ ಸುಮಾರು 5.6 ವೋಲ್ಟ್ ಬರುತ್ತದೆ. 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಇಡೀ ಎಫ್‌ಎಂ ಬ್ಯಾಂಡ್ 2ರಿಂದ 8 ವೋಲ್ಟಿನೊಳಗೆ ಮುಗಿಯುತ್ತದೆ. ಮೀಡಿಯಂ ವೇವ್‌ನಲ್ಲಿ ಇಷ್ಟು ಸುಲಭವಿಲ್ಲ. ಅಲ್ಲಿ ಬ್ಯಾಂಡಿನ ಮೇಲಿನ ತುದಿ ಕೆಳತುದಿಯ ಮೂರು ಪಟ್ಟು, ಹಾಗಾಗಿ ಆಂಟೆನಾ ಕಾಯಿಲಿನ ಜೊತೆಗಿರುವ ಕೆಪಾಸಿಟೆನ್ಸ್ ಒಂಬತ್ತು ಪಟ್ಟು ಬದಲಾಗಬೇಕು. ಜಂಕ್ಷನ್ನಿನ ಹತ್ತಿರ ಕಲ್ಮಶವನ್ನು ಬೇರೆ ರೀತಿಯಲ್ಲಿ ಹರಡಿ ಮಾಡಿದ ಹೈಪರ್‌ಅಬ್ರಪ್ಟ್ ವ್ಯಾರಾಕ್ಟರುಗಳು ಅದಕ್ಕೇ ಹುಟ್ಟಿದವು.

ನಾವು 0 ವೋಲ್ಟಿನಿಂದ ಶುರು ಮಾಡದೆ 2ರಿಂದ ಏಕೆ ಶುರು ಮಾಡಿದೆವು? ಆಸಿಲೇಟರಿನ ಸಿಗ್ನಲ್ ಕೂಡ ಡಯೋಡಿನ ಮೇಲೆ ಏರಿಳಿಯುತ್ತಿರುತ್ತದೆ. ಟ್ಯೂನಿಂಗ್ ವೋಲ್ಟೇಜ್ ತೀರಾ ಕಡಿಮೆ ಇದ್ದರೆ ಪ್ರತಿ ಆವರ್ತನೆಯಲ್ಲೂ ಒಂದು ಗಳಿಗೆ ಡಯೋಡು ನೇರ ವೋಲ್ಟೇಜಿಗೆ ಜಾರಿ ಕರೆಂಟ್ ಹರಿಸುತ್ತದೆ. ಆಗ ದೂರವಿಟ್ಟಿದ್ದ ಡಿಫ್ಯೂಷನ್ ಚಾರ್ಜ್ ತನ್ನ ನಷ್ಟದೊಂದಿಗೆ ಒಳಬರುತ್ತದೆ. ಬ್ಯಾಂಡಿನ ಕೆಳತುದಿಯಲ್ಲಿ ಮಾತ್ರ ಆಸಿಲೇಟರ್ ಕ್ಷೀಣಿಸಿದರೆ ಅಥವಾ ನಿಂತೇ ಹೋದರೆ ಮೊದಲು ಇದನ್ನೇ ಶಂಕಿಸಬೇಕು. ಎರಡು ವ್ಯಾರಾಕ್ಟರುಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದರೆ ಸಿಗ್ನಲ್ ಎರಡಕ್ಕೂ ಹಂಚಿಹೋಗುತ್ತದೆ. ಒಂದರ ಕೆಪಾಸಿಟೆನ್ಸ್ ಏರುವಾಗ ಇನ್ನೊಂದರದು ಇಳಿಯುವುದರಿಂದ ವಿರೂಪವೂ ತಗ್ಗುತ್ತದೆ.

ಇನ್ನೊಂದು ತೊಂದರೆ ಕಿವಿಗೇ ಕೇಳಿಸುತ್ತದೆ. ನಮ್ಮ ಲೆಕ್ಕದಲ್ಲಿ ಒಂದು ವೋಲ್ಟಿಗೆ ಆಸಿಲೇಟರ್ ಸುಮಾರು 2.8 ಮೆಗಾಹರ್ಟ್ಸ್ ಸರಿಯುತ್ತದೆ. ಟ್ಯೂನಿಂಗ್ ವೋಲ್ಟೇಜಿನಲ್ಲಿ 10 ಮಿಲಿವೋಲ್ಟ್ ಗುಂಯ್‌ಗುಟ್ಟುವಿಕೆ ಸೇರಿದರೂ ಸಾಕು, ಆಸಿಲೇಟರ್ 28 ಕಿಲೋಹರ್ಟ್ಸ್ ಅತ್ತಿತ್ತ ಓಲಾಡುತ್ತದೆ. ಎಫ್‌ಎಂ ಸ್ಟೇಷನ್ ತನ್ನ ಅತಿ ಜೋರಿನ ಸಂಗೀತಕ್ಕೆ ಓಲಾಡುವುದೇ 75 ಕಿಲೋಹರ್ಟ್ಸ್! ಹಾಡಿನ ಜೊತೆಗೇ ಗುಂಯ್ ಎನ್ನುವ ಸದ್ದು ಸ್ಪೀಕರಿನಲ್ಲಿ ಬರುತ್ತದೆ. ಬಿಸಿಯೂ ಹೀಗೆಯೇ ಕಾಡುತ್ತದೆ. ಜಂಕ್ಷನ್ನಿನ ಆ 0.7 ವೋಲ್ಟ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುವುದರಿಂದ, ರೇಡಿಯೋ 20 ಡಿಗ್ರಿ ಬಿಸಿಯಾಗುವಷ್ಟರಲ್ಲಿ ಸ್ಟೇಷನ್ 100 ಕಿಲೋಹರ್ಟ್ಸ್‌ಗೂ ಹೆಚ್ಚು ಜಾರಿರುತ್ತದೆ. ಡಿಜಿಟಲ್ ಟ್ಯೂನಿಂಗ್‌ನಲ್ಲಿ ಪಿಎಲ್‌ಎಲ್ ಎಂಬ ಸರ್ಕ್ಯೂಟ್ ಆಸಿಲೇಟರನ್ನು ಕ್ರಿಸ್ಟಲ್‌ಗೆ ಹೋಲಿಸಿ ನೋಡುತ್ತಾ ವ್ಯಾರಾಕ್ಟರಿನ ವೋಲ್ಟೇಜನ್ನು ತಿದ್ದುತ್ತಲೇ ಇರುತ್ತದೆ. ಅದಿಲ್ಲದ ಸೆಟ್ಟಿನಲ್ಲಿ ಜಾರಿದ ಸ್ಟೇಷನ್ನನ್ನು ಕೈಯಾರೆ ಸರಿಪಡಿಸಬೇಕು.

ಇದನ್ನು ಬೋರ್ಡಿನ ಮೇಲೆ ಕಟ್ಟಿ ನೋಡುವವರಿಗೆ ಒಂದು ಮಾತು. ವ್ಯಾರಾಕ್ಟರ್ ಕರೆಂಟ್ ಎಳೆಯುವುದಿಲ್ಲವಾದ್ದರಿಂದ ಟ್ಯೂನಿಂಗ್ ವೋಲ್ಟೇಜನ್ನು ಸಾಮಾನ್ಯವಾಗಿ 100 ಕಿಲೋಓಮ್‌ನಂಥ ದೊಡ್ಡ ರೆಸಿಸ್ಟರ್ ಮೂಲಕ ಕೊಡುತ್ತಾರೆ. ಆ ವೋಲ್ಟೇಜನ್ನು ಅಳೆಯಲು ಮಲ್ಟಿಮೀಟರಿನ ಕಡ್ಡಿಯನ್ನು ಡಯೋಡಿಗೇ ತಾಗಿಸಿದರೆ ಸ್ಟೇಷನ್ ಮಾಯವಾಗುತ್ತದೆ. 10 ಮೆಗಾಓಮ್‌ನ ಒಳ್ಳೆಯ ಡಿಜಿಟಲ್ ಮೀಟರೂ ಆ ರೆಸಿಸ್ಟರಿನಲ್ಲಿ ಶೇಕಡ 1ರಷ್ಟು, ಅಂದರೆ 50 ಮಿಲಿವೋಲ್ಟ್ ಬೀಳಿಸುತ್ತದೆ. ಅಷ್ಟಕ್ಕೇ ಆಸಿಲೇಟರ್ 140 ಕಿಲೋಹರ್ಟ್ಸ್ ಕೆಳಗಿಳಿಯುತ್ತದೆ. ಡಯೋಡು ಕೆಟ್ಟಿಲ್ಲ. ಕಡ್ಡಿಯನ್ನು ರೆಸಿಸ್ಟರಿನ ಆಚೆ ಬದಿಗೆ, ಟ್ಯೂನಿಂಗ್ ಪಾಟ್ ಇರುವ ಕಡೆ ಹಿಡಿದು ಅಳೆಯಿರಿ.