ನಿರ್ವಹಣಾ ವೆಚ್ಚದ ಬಾಕಿ: ಬಾಡಿಗೆದಾರರಿಗೆ ಪತ್ರ ಬರೆಯುವ ಕ್ರಮ

ವಸತಿ ಸಮುಚ್ಚಯಗಳಲ್ಲಿ ಲಿಫ್ಟ್, ನೀರಿನ ಪಂಪು, ಕಾವಲು, ಸ್ವಚ್ಛತೆ ಮುಂತಾದವುಗಳಿಗಾಗಿ ನಿವಾಸಿಗಳ ಸಂಘವು ಪ್ರತಿ ತಿಂಗಳು ನಿರ್ವಹಣಾ ವೆಚ್ಚವನ್ನು ವಸೂಲು ಮಾಡುತ್ತದೆ. ಈ ವೆಚ್ಚವನ್ನು ಬಾಡಿಗೆದಾರರೇ ಭರಿಸತಕ್ಕದ್ದೆಂದು ಬಾಡಿಗೆ ಕರಾರು ಪತ್ರದಲ್ಲಿ ನಮೂದಿಸುವುದು ರೂಢಿಯಲ್ಲಿದೆ. ಆದರೆ ಸದರಿ ಕರಾರು ಮಾಲೀಕರು ಮತ್ತು ಬಾಡಿಗೆದಾರರ ನಡುವಿನದು. ಸಂಘವು ಅದರಲ್ಲಿ ಪಕ್ಷಕಾರನಲ್ಲ. ಆದ್ದರಿಂದ ಬಾಡಿಗೆದಾರರು ಪಾವತಿಸದಿದ್ದಲ್ಲಿ ಸಂಘವು ತನ್ನ ಸದಸ್ಯರಾದ ಮಾಲೀಕರನ್ನೇ ಕೇಳುತ್ತದೆ. ಮಾಲೀಕರು ಆ ಹಣವನ್ನು ಕರಾರಿನ ಆಧಾರದ ಮೇಲೆ ಬಾಡಿಗೆದಾರರಿಂದ ಪಡೆಯಬೇಕಾಗುತ್ತದೆ. ಇದಕ್ಕೆ ಮೊದಲ ಹೆಜ್ಜೆಯೇ ಲಿಖಿತ ಪತ್ರ.

ಬಾಕಿಯನ್ನು ಲೆಕ್ಕ ಹಾಕುವುದು

ಕರಾರಿನ ಷರತ್ತು ಬಾಡಿಗೆದಾರರಿಗೆ ಎಷ್ಟನ್ನು ವಹಿಸಿದೆಯೋ ಅಷ್ಟನ್ನೇ ಪತ್ರದಲ್ಲಿ ಕೇಳತಕ್ಕದ್ದು. ಒಂದು ಉದಾಹರಣೆಯನ್ನು ನೋಡಬಹುದು. ಬೆಂಗಳೂರಿನ ಒಂದು ಫ್ಲ್ಯಾಟಿನ ಬಾಡಿಗೆ ತಿಂಗಳಿಗೆ 18,000 ರೂ. "ಸಂಘದ ಮಾಸಿಕ ನಿರ್ವಹಣಾ ವೆಚ್ಚವನ್ನು ಬಾಡಿಗೆದಾರರು ಪ್ರತಿ ತಿಂಗಳು 10ನೇ ತಾರೀಖಿನೊಳಗೆ ಪಾವತಿಸತಕ್ಕದ್ದು" ಎಂಬುದು ಕರಾರಿನ 6ನೇ ಷರತ್ತು. ಮಾಸಿಕ ವೆಚ್ಚ 2,400 ರೂ. 2025ರ ಏಪ್ರಿಲ್‌ನಿಂದ ಜುಲೈವರೆಗೆ ಬಾಡಿಗೆ ಸಂದಾಯವಾಗಿದೆ, ನಿರ್ವಹಣಾ ವೆಚ್ಚ ಸಂದಾಯವಾಗಿಲ್ಲ. ಜೂನ್‌ನಲ್ಲಿ ಮಾತ್ರ "ನಿರ್ವಹಣೆ ಲೆಕ್ಕಕ್ಕೆ" ಎಂದು ಬರೆದು 1,000 ರೂ. ಕಳುಹಿಸಲಾಗಿದೆ. ಜುಲೈ ತಿಂಗಳಲ್ಲಿ ಸಂಘವು ಕಟ್ಟಡಕ್ಕೆ ಬಣ್ಣ ಬಳಿಸುವ ಬಾಬ್ತು ಪ್ರತಿ ಫ್ಲ್ಯಾಟಿಗೆ 6,000 ರೂ. ವಂತಿಗೆಯನ್ನೂ ವಿಧಿಸಿದೆ.

ಸಂಘದ ಬಿಲ್ಲಿನಂತೆ ಮಾಲೀಕರ ಹೆಸರಿನಲ್ಲಿ 14,600 ರೂ. ಬಾಕಿ ಇದೆ. ಆದರೆ ಬಣ್ಣದ ವಂತಿಗೆಯು ಮಾಸಿಕ ವೆಚ್ಚವಲ್ಲ. 6ನೇ ಷರತ್ತು ಅದನ್ನು ಒಳಗೊಳ್ಳುವುದಿಲ್ಲವಾದ್ದರಿಂದ ಅದು ಮಾಲೀಕರದೇ ಹೊಣೆ. ನಾಲ್ಕು ತಿಂಗಳ 9,600 ರೂ.ಗಳಲ್ಲಿ 1,000 ರೂ. ಕಳೆದು ಉಳಿಯುವ 8,600 ರೂ.ಗಳನ್ನು ಮಾತ್ರ ಕೇಳಬೇಕು. ಹೆಚ್ಚು ಕೇಳಿದಲ್ಲಿ ಬಾಡಿಗೆದಾರರಿಗೆ ಇಡೀ ಬೇಡಿಕೆಯನ್ನೇ ಪ್ರಶ್ನಿಸಲು ಅವಕಾಶ ದೊರೆಯುತ್ತದೆ.

ಬಾಡಿಗೆಯೆಂದು ತಿಳಿಸಿ ಕೊಟ್ಟ ಹಣವನ್ನು ನಿರ್ವಹಣೆಗೆ ಜಮಾ ಮಾಡಿಕೊಂಡು, ಬಾಡಿಗೆ ಬಾಕಿ ಇದೆಯೆಂದು ಬರೆಯಲಾಗದು. ಪಾವತಿಸುವವರು ಯಾವ ಬಾಕಿಗೆಂದು ತಿಳಿಸಿರುವರೋ ಅದಕ್ಕೇ ಜಮಾ ಮಾಡತಕ್ಕದ್ದೆಂದು 1872ರ ಭಾರತೀಯ ಕರಾರು ಅಧಿನಿಯಮದ 59ನೇ ಪ್ರಕರಣವು ಹೇಳುತ್ತದೆ. ಮಾಲೀಕರು ಕೊಡುವ ರಸೀದಿಯಲ್ಲಿಯೂ "ಜುಲೈ ತಿಂಗಳ ಬಾಡಿಗೆಗೆ ಮಾತ್ರ" ಎಂದು ನಮೂದಿಸುವುದು ಸೂಕ್ತ.

ಪತ್ರದ ಮಾದರಿ

ವಿಷಯ: ಕರಾರಿನ 6ನೇ ಷರತ್ತಿನಂತೆ ನಿರ್ವಹಣಾ ವೆಚ್ಚದ ಬಾಕಿ ಪಾವತಿಸುವ ಬಗ್ಗೆ.

ಮಾನ್ಯರೇ,
ದಿನಾಂಕ 1-3-2025ರ ಬಾಡಿಗೆ ಕರಾರಿನ 6ನೇ ಷರತ್ತಿನ ಪ್ರಕಾರ ಮಾಸಿಕ ನಿರ್ವಹಣಾ ವೆಚ್ಚವನ್ನು ತಾವು ಪಾವತಿಸಬೇಕಾಗಿರುತ್ತದೆ. ಏಪ್ರಿಲ್‌ನಿಂದ ಜುಲೈ 2025ರವರೆಗಿನ ನಾಲ್ಕು ತಿಂಗಳಿಗೆ ತಿಂಗಳಿಗೆ 2,400 ರೂ.ಗಳಂತೆ 9,600 ರೂ. ಆಗಿದ್ದು, ತಾವು ಜೂನ್‌ನಲ್ಲಿ ಪಾವತಿಸಿದ 1,000 ರೂ. ಕಳೆದು 8,600 ರೂ. ಬಾಕಿ ಇರುತ್ತದೆ. ಸಂಘದ ಬಿಲ್ಲುಗಳ ಪ್ರತಿಗಳನ್ನು ಲಗತ್ತಿಸಿದೆ. ಈ ಮೊತ್ತವನ್ನು 26-8-2025ರೊಳಗೆ ಪಾವತಿಸಬೇಕೆಂದು ಕೋರುತ್ತೇನೆ. ಲೆಕ್ಕದಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ರಸೀದಿಗಳೊಂದಿಗೆ ಅದೇ ದಿನಾಂಕದೊಳಗೆ ಲಿಖಿತವಾಗಿ ತಿಳಿಸುವುದು.

ಕಳುಹಿಸುವಾಗ ಗಮನಿಸಬೇಕಾದ ಅಂಶಗಳು

"ಬಿಲ್ಲು ನನಗೆ ಬಂದೇ ಇಲ್ಲ" ಎಂಬುದು ಬಾಡಿಗೆದಾರರಿಂದ ಸಾಮಾನ್ಯವಾಗಿ ಬರುವ ಉತ್ತರ. ಸಂಘವು ಬಿಲ್ಲನ್ನು ಮಾಲೀಕರಿಗೆ ಕಳುಹಿಸುವುದರಿಂದ ಅದು ನಿಜವೂ ಇರಬಹುದು. ಬಿಲ್ಲುಗಳ ಪ್ರತಿಗಳನ್ನು ಲಗತ್ತಿಸುವುದು ಈ ಕಾರಣಕ್ಕಾಗಿಯೇ. ಪತ್ರವನ್ನು ಖುದ್ದಾಗಿ ನೀಡಿದಲ್ಲಿ ನಕಲಿನ ಮೇಲೆ ದಿನಾಂಕ ಸಹಿತ ಸಹಿ ಪಡೆಯಬೇಕು. ಅಂಚೆಯಲ್ಲಾದರೆ, ನೋಂದಾಯಿತ ಅಂಚೆಯು ಸ್ಪೀಡ್ ಪೋಸ್ಟ್ ಸೇವೆಯಲ್ಲಿ ವಿಲೀನವಾಗಿರುವುದರಿಂದ, ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿ ಹಾಗೂ ಬಟವಾಡೆಯ ದಾಖಲೆಯನ್ನು ಕಾಯ್ದಿರಿಸಬೇಕು.

ನೀರು ಅಥವಾ ವಿದ್ಯುತ್ ಕಡಿತದ ಬೆದರಿಕೆಯನ್ನು ಪತ್ರದಲ್ಲಿ ಬರೆಯಬಾರದು. ಮುಂಗಡ ಠೇವಣಿಯಿಂದ ಕಡಿತ ಮಾಡಿಕೊಳ್ಳುವುದು ಕರಾರಿನಲ್ಲಿ ಅದಕ್ಕೆ ಅವಕಾಶವಿದೆಯೇ, ಇದ್ದಲ್ಲಿ ಯಾವಾಗ ಎಂಬುದನ್ನು ಅವಲಂಬಿಸಿದೆ.

ಈ ಪತ್ರವು ಹಣದ ಬೇಡಿಕೆಯೇ ಹೊರತು ಮನೆ ತೆರವುಗೊಳಿಸುವ ನೋಟೀಸು ಅಲ್ಲ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಬೆಂಗಳೂರಿನಲ್ಲಿ 3,500 ರೂ. ಮೀರಿದ ಮಾಸಿಕ ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಮೇಲಿನ ಉದಾಹರಣೆಯಲ್ಲಿ ತೆರವು ಬೇಕಾದಲ್ಲಿ 1882ರ ಸ್ವತ್ತು ವರ್ಗಾವಣೆ ಅಧಿನಿಯಮದಂತೆ ಪ್ರತ್ಯೇಕ ನೋಟೀಸು ನೀಡತಕ್ಕದ್ದು. ಹಣದ ವಸೂಲಿಗಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಲು, ಆಯಾ ತಿಂಗಳ ಬಾಕಿಯು ಪಾವತಿಗೆ ಬಂದ ದಿನದಿಂದ ಮೂರು ವರ್ಷಗಳ ಕಾಲಮಿತಿ ಇರುತ್ತದೆ. ಕೇವಲ ಪತ್ರ ಬರೆದ ಮಾತ್ರಕ್ಕೆ ಈ ಅವಧಿಯು ವಿಸ್ತರಣೆಯಾಗುವುದಿಲ್ಲ.