ಟೊಮೆಟೊ ತುಟ್ಟಿಯ ಆಷಾಢ, ಈರುಳ್ಳಿ ತುಟ್ಟಿಯ ಕಾರ್ತಿಕ

ಟೊಮೆಟೊ, ಈರುಳ್ಳಿಗಳ ಬೆಲೆ ಏರುವ ಕಾಲ ಹೆಚ್ಚಿನ ವರ್ಷಗಳಲ್ಲಿ ಮೊದಲೇ ಗೊತ್ತಿರುವಂಥದ್ದು. ಟೊಮೆಟೊ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ತುಟ್ಟಿ, ಈರುಳ್ಳಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ. ಎರಡಕ್ಕೂ ಕಾರಣ ಬೇರೆ ಬೇರೆ, ಆದ್ದರಿಂದ ಮನೆಯಲ್ಲಿ ಹೂಡಬೇಕಾದ ಉಪಾಯವೂ ಬೇರೆ.

ಏಪ್ರಿಲ್–ಮೇ ಬಿಸಿಲಿಗೆ ಟೊಮೆಟೊ ಗಿಡದ ಹೂ ಉದುರಿ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಎಲೆಮುದುರು ರೋಗ ಹರಡುವ ಬಿಳಿನೊಣದ ಕಾಟವೂ ಆಗಲೇ ಹೆಚ್ಚು. ಹಿಂದೆಯೇ ಬರುವ ಮಳೆ ಉಳಿದ ಹಣ್ಣನ್ನು ಕೊಳೆಸುತ್ತದೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಆದರೆ ಸಸಿ ನಾಟಿ ಮಾಡಿದ ಎರಡು–ಎರಡೂವರೆ ತಿಂಗಳಲ್ಲಿ ಹೊಸ ಹಣ್ಣು ಕೊಯ್ಲಿಗೆ ಬರುತ್ತದೆ. ಬೆಲೆ ಕಂಡು ನಾಟಿ ಮಾಡಿದವರ ಬೆಳೆಯೆಲ್ಲ ಒಟ್ಟಿಗೇ ಬಂದು, ಅದೇ ಸೆಪ್ಟೆಂಬರ್ ಹೊತ್ತಿಗೆ ದರ ಪಾತಾಳಕ್ಕಿಳಿಯಿತು. ಅಂದರೆ ಟೊಮೆಟೊ ವಿಷಯದಲ್ಲಿ ದಾಟಬೇಕಾದದ್ದು ಎರಡು ತಿಂಗಳು ಮಾತ್ರ. ಅದಕ್ಕಿಂತ ಹೆಚ್ಚು ಕೂಡಿಡುವುದು ದಂಡ.

ಹಣ್ಣನ್ನು ಹಾಗೇ ಇಡಲು ಬರುವುದಿಲ್ಲ. ಅದರಲ್ಲಿರುವುದು ಬಹುಪಾಲು ನೀರೇ. ಆ ನೀರನ್ನು ತೆಗೆದರೆ ಉಳಿಯುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಹಣ್ಣು ಅಗ್ಗ, ಬಿಸಿಲೂ ಜೋರು. ಆಗ 5 ಕೆಜಿ ಗಟ್ಟಿ ಹಣ್ಣನ್ನು ಬಿಲ್ಲೆಗಳಾಗಿ ಹೆಚ್ಚಿ, ಉಪ್ಪು ಸವರಿ ಒಣಗಿಸಿದರೆ ಸುಮಾರು 300 ಗ್ರಾಂ ಆಗುತ್ತದೆ. ಬಿಲ್ಲೆ ಮುರಿದರೆ ಲಟಕ್ಕೆನ್ನಬೇಕು. ಬಾಗಿದರೆ ಒಳಗೆ ತೇವ ಉಳಿದಿದೆ ಎಂದರ್ಥ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಖಂಡಿತ. ಫ್ರೀಜರ್ ಇರುವ ಮನೆಗಳಲ್ಲಿ ಬೇಯಿಸಿ, ರುಬ್ಬಿ, ಗಟ್ಟಿಯಾಗುವವರೆಗೆ ಕುದಿಸಿ, ಐಸ್ ಟ್ರೇಯಲ್ಲಿ ಗಡ್ಡೆಕಟ್ಟಿಸಿ ಇಡುವುದು ಇನ್ನೂ ಸುಲಭ.

ಕೂಡಿಡದವರಿಗೆ ಅಡುಗೆಮನೆಯಲ್ಲೇ ದಾರಿಯಿದೆ. ನಾಲ್ಕು ಮಂದಿಯ ಸಾರಿಗೆ ಮೂರು ಹಣ್ಣು ಹಾಕುವ ಮನೆಯಲ್ಲಿ ಅದರ ಬದಲು ಸಣ್ಣ ನಿಂಬೆ ಗಾತ್ರದ ಹುಣಸೆ ಸಾಕು. ಆದರೆ ಟೊಮೆಟೊ ಕೊಡುತ್ತಿದ್ದುದು ಹುಳಿಯನ್ನಷ್ಟೇ ಅಲ್ಲ, ಸಿಹಿಯನ್ನೂ ಮಂದವನ್ನೂ ಕೂಡ. ಹುಣಸೆಯೊಂದನ್ನೇ ಹಾಕಿದ ಸಾರು ತೆಳ್ಳಗೆ, ಒರಟಾಗಿರುತ್ತದೆ. ಒಂದು ಚೂರು ಬೆಲ್ಲ, ಎರಡು ಚಮಚ ಹೆಚ್ಚಿನ ತೊಗರಿಬೇಳೆ ಆ ಕೊರತೆ ತುಂಬುತ್ತವೆ. ಹುಣಸೆರಸ ಹಸಿವಾಸನೆ ಹೋಗುವವರೆಗೆ ಕುದಿಯಬೇಕು. ನಿಂಬೆರಸವಾದರೆ ಒಲೆಯಿಂದ ಇಳಿಸಿದ ಮೇಲೇ ಹಾಕಬೇಕು, ಕುದಿಸಿದರೆ ಕಹಿ. ಮಲೆನಾಡು, ಕರಾವಳಿಯವರಿಗೆ ಮಳೆಗಾಲದ ಅಂಬಟೆಕಾಯಿಯೂ ಒಣಗಿಸಿಟ್ಟ ಪುನರ್ಪುಳಿಯೂ ಇವೆ. ಉಡುಪಿಯ ಮಠಗಳ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವ್ರತ, ತರಕಾರಿಯೇ ವರ್ಜ್ಯ. ಹೆಸರುಬೇಳೆ, ತೆಂಗು, ಕಾಳುಮೆಣಸು, ಮಾವಿನ ಹುಳಿಯಲ್ಲೇ ಊಟ ತುಂಬುತ್ತದೆ. ಆ ತಿಂಗಳು ಬರುವುದು ಟೊಮೆಟೊ ತುಟ್ಟಿಯ ದಿನಗಳಲ್ಲೇ. ವ್ರತವಿಲ್ಲದವರಿಗೂ ಆ ಅಡುಗೆ ದೊಡ್ಡ ಆಸರೆ.

ಈರುಳ್ಳಿಯ ಕಥೆ ಬೇರೆ. ದೇಶದ ಈರುಳ್ಳಿಯ ಹೆಚ್ಚಿನ ಪಾಲು ಹಿಂಗಾರಿನದು, ಏಪ್ರಿಲ್–ಮೇ ಹೊತ್ತಿಗೆ ಕಿತ್ತಾಗಿರುತ್ತದೆ. ಮುಂದಿನ ತಿಂಗಳುಗಳಲ್ಲಿ ದೇಶ ತಿನ್ನುವುದು ಆ ದಾಸ್ತಾನನ್ನೇ. ಅದು ಕರಗುತ್ತಾ ಬಂದಾಗ ಕೈಹಿಡಿಯಬೇಕಾದದ್ದು ಚಿತ್ರದುರ್ಗ, ಗದಗ, ವಿಜಯಪುರ ಕಡೆಯ ಮುಂಗಾರು ಉಳ್ಳಾಗಡ್ಡಿ. ಕೀಳುವ ಹೊತ್ತಿಗೆ ಮಳೆ ಸುರಿದರೆ ಅದು ಹೊಲದಲ್ಲೇ ಕೊಳೆಯುತ್ತದೆ. 2019ರಲ್ಲಿ ಹಾಗೇ ಆಗಿ, ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕೆಜಿಗೆ 200 ರೂಪಾಯಿ ಮುಟ್ಟಿತ್ತು.

ಈರುಳ್ಳಿಯನ್ನು ಮನೆಯಲ್ಲೂ ಇಡಬಹುದು, ಆದರೆ ಹಿಂಗಾರಿನದನ್ನು ಮಾತ್ರ. ಕತ್ತು ಸಣ್ಣಗೆ ಒಣಗಿರಬೇಕು, ಗಡ್ಡೆ ಗಟ್ಟಿ, ಮಧ್ಯಮ ಗಾತ್ರ, ಸಿಪ್ಪೆ ಎರಡು ಮೂರು ಪದರ. ಜೂನ್ ಆರಂಭದಲ್ಲಿ ಕೆಜಿಗೆ 20 ರೂಪಾಯಿಯಂತೆ 15 ಕೆಜಿ ಕೊಂಡರೆ ಖರ್ಚು 300 ಎಂದುಕೊಳ್ಳೋಣ. ಮೂರೂವರೆ ತಿಂಗಳಲ್ಲಿ ಒಣಗಿ, ಮೊಳೆತು, ಕೊಳೆತು 3 ಕೆಜಿ ಹೋದರೂ ಉಳಿದದ್ದು ಕೆಜಿಗೆ 25 ಬಿದ್ದಂತೆ. ಸೆಪ್ಟೆಂಬರ್‌ನಲ್ಲಿ ಅಂಗಡಿ ದರ 50 ಇದ್ದರೆ ಲಾಭ ಸ್ಪಷ್ಟ. 30 ಇದ್ದರೆ ಕೂಡಿಟ್ಟ ಶ್ರಮಕ್ಕೆ ಬೆಲೆಯಿಲ್ಲ. ಗಾಳಿಯಾಡುವ ನೆರಳಿನಲ್ಲಿ ಬಿದಿರಿನ ಬುಟ್ಟಿಯಲ್ಲಿಟ್ಟು ವಾರಕ್ಕೊಮ್ಮೆ ಆರಿಸಬೇಕು. ಪಕ್ಕದಲ್ಲಿ ಆಲೂಗಡ್ಡೆ ಇಡಬಾರದು. ಪ್ಲಾಸ್ಟಿಕ್ ಚೀಲವಂತೂ ಬೇಡವೇ ಬೇಡ.

ಬೆಲೆ ಏರಿಯೇಬಿಟ್ಟ ಮೇಲೆ ಈರುಳ್ಳಿ ಯಾವ ಅಡುಗೆಗೆ ನಿಜಕ್ಕೂ ಬೇಕು ಎಂದು ನೋಡಬೇಕಾಗುತ್ತದೆ. ಹುಳಿ, ಸಾರಿಗೆ ಇಂಗಿನ ಒಗ್ಗರಣೆ ಸಾಕು. ಉಪ್ಪಿಟ್ಟು, ಪಲ್ಯಗಳಲ್ಲಿ ಸಣ್ಣಗೆ ಹೆಚ್ಚಿದ ಎಲೆಕೋಸನ್ನು ನಿಧಾನವಾಗಿ ಹುರಿದರೆ ಈರುಳ್ಳಿಯ ಸಿಹಿಗೆ ಹತ್ತಿರ ಬರುತ್ತದೆ. ಸಾಗುವಿಗೆ ರುಬ್ಬುವಾಗ ತೆಂಗಿನಕಾಯಿಯ ಜೊತೆ ಒಂದು ಚಮಚ ಹುರಿಗಡಲೆ ಸೇರಿಸಿದರೆ ಮಂದವೂ ಸಿಗುತ್ತದೆ. ಈರುಳ್ಳಿ ಬಜ್ಜಿಗೆ ಮಾತ್ರ ಬದಲಿಯಿಲ್ಲ. ಆ ದಿನಗಳಲ್ಲಿ ಹೀರೇಕಾಯಿ ಬಜ್ಜಿ ಕರಿಯುವುದೇ ಲೇಸು. ಅಕ್ಟೋಬರ್‌ನಲ್ಲಿ ಬರುವ ದಪ್ಪ ಕತ್ತಿನ, ತೇವದ ಹೊಸ ಗಡ್ಡೆ ಅಗ್ಗವೆಂದು ಚೀಲಗಟ್ಟಲೆ ಕೊಳ್ಳಬಾರದು. ಅದು ಬಹಳ ದಿನ ನಿಲ್ಲುವುದಿಲ್ಲ, ವಾರಕ್ಕೆ ಬೇಕಾದಷ್ಟನ್ನೇ ತರಬೇಕು.