ಗಿಡವೂ ಉಸಿರಾಡುತ್ತೆ, ಹಗಲಲ್ಲೂ!

‘ಚಿಕ್ಕಮ್ಮಾ, ಗಿಡದಲ್ಲಿ ದ್ಯುತಿಸಂಶ್ಲೇಷಣೆ ಮಾತ್ರ ನಡೆಯುತ್ತೆ, ಉಸಿರಾಟ ನಡೆಯಲ್ಲ. ಇದು ಸರಿಯಾ ತಪ್ಪಾ?’ ಅಕ್ಕನ ಮಗಳು ಹೋಂವರ್ಕ್ ಪ್ರಶ್ನೆಯನ್ನು ವಾಟ್ಸಾಪಿನಲ್ಲಿ ಕಳಿಸಿದ್ದಳು. ‘ತಪ್ಪು’ ಅಂತ ಬರೆದೆ. ತಕ್ಷಣ ಮರುಪ್ರಶ್ನೆ: ‘ಹಾಗಾದ್ರೆ ಗಿಡ ಆಮ್ಲಜನಕ ಕೊಡುತ್ತೆ ಅಂತ ಯಾಕೆ ಹೇಳ್ತಾರೆ?’

ಗೊಂದಲ ಶುರುವಾಗುವುದು ಇಲ್ಲೇ. ಎಲೆ ಬಿಸಿಲಲ್ಲಿ ಸಕ್ಕರೆ ತಯಾರಿಸುತ್ತದೆ. ಆದರೆ ಸಕ್ಕರೆ ಇದ್ದರೆ ಸಾಲದು, ಅದನ್ನು ಒಡೆದು ಶಕ್ತಿ ಪಡೆಯಬೇಕು. ಆ ಕೆಲಸವೇ ಉಸಿರಾಟ. ಅದು ಬೇರು, ಕಾಂಡ, ಎಲೆ, ಹೂವು ಎಲ್ಲದರ ಜೀವಕೋಶಗಳಲ್ಲೂ ಇಪ್ಪತ್ನಾಲ್ಕು ಗಂಟೆ ನಡೆಯುತ್ತದೆ. ಒಳ್ಳೆ ಬಿಸಿಲಲ್ಲಿ ಎಲೆಯ ಉಸಿರಾಟದಿಂದ ಬಂದ ಇಂಗಾಲದ ಡೈಆಕ್ಸೈಡ್ ಅಲ್ಲೇ ಸಕ್ಕರೆ ತಯಾರಿಕೆಗೆ ಬಳಕೆಯಾಗಿಬಿಡುತ್ತದೆ. ಹೊರಗೆ ಬರುವುದು ಮಿಕ್ಕ ಆಮ್ಲಜನಕ ಮಾತ್ರ. ಹಾಗಾಗಿ ಹಗಲಲ್ಲಿ ಗಿಡ ಉಸಿರಾಡುವುದೇ ಇಲ್ಲ ಅನ್ನಿಸುತ್ತದೆ.

ನೋಡಿಯೇ ನಂಬಬೇಕಾ? ಮೊಳಕೆ ಬಂದ ಹೆಸರುಕಾಳು ಸಾಕು. ಅದರಲ್ಲಿ ಹಸಿರು ಎಲೆ ಇನ್ನೂ ಬಂದಿರುವುದಿಲ್ಲ, ಹಾಗಾಗಿ ದ್ಯುತಿಸಂಶ್ಲೇಷಣೆಯ ಅಡ್ಡಿ ಇಲ್ಲ. ಎಲೆಯಡಿಕೆಯ ಸುಣ್ಣವನ್ನು ನೀರಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಪುಟ್ಟ ಬಟ್ಟಲಿಗೆ ಹಾಕಿ (ಕಣ್ಣಿಗೆ, ಬಾಯಿಗೆ ತಾಗದಂತೆ ಜೋಪಾನ). ಒಂದು ಡಬ್ಬಿಯಲ್ಲಿ ಮೊಳಕೆಕಾಳು, ಜೊತೆಗೆ ಈ ಬಟ್ಟಲು ಇಟ್ಟು ಮುಚ್ಚಳ ಬಿಗಿ ಮಾಡಿ. ಇನ್ನೊಂದು ಡಬ್ಬಿಯಲ್ಲೂ ಹಾಗೇ ಇಡಿ, ಆದರೆ ಕಾಳನ್ನು ಬೇಯಿಸಿ ಆರಿಸಿರಿ. ಕೆಲವು ಗಂಟೆಗಳ ನಂತರ ಜೀವಂತ ಕಾಳಿನ ಪಕ್ಕದ ತಿಳಿ ಹಾಲಿನಂತಾಗಿರುತ್ತದೆ. ಬೆಂದ ಕಾಳಿನ ಪಕ್ಕದ್ದು ಹೆಚ್ಚುಕಡಿಮೆ ತಿಳಿಯಾಗೇ ಇರುತ್ತದೆ. ಬೇಯಿಸಿದ ಡಬ್ಬಿ ಇಲ್ಲದಿದ್ದರೆ, ಡಬ್ಬಿಯೊಳಗಿನ ಗಾಳಿಯಿಂದಲೇ ಸುಣ್ಣ ಬೆಳ್ಳಗಾಯಿತು ಅಂತ ವಾದಿಸಬಹುದಿತ್ತು.

ಇದು ಬರೀ ಪರೀಕ್ಷೆಯ ವಿಷಯವಲ್ಲ. ನನ್ನ ಬಾಲ್ಕನಿಯ ದಾಸವಾಳ ಸತ್ತಿದ್ದು ಇದನ್ನು ಮರೆತಿದ್ದಕ್ಕೇ. ಎಲೆ ಜೋತುಬಿದ್ದಿತ್ತು. ಬಾಯಾರಿಕೆ ಅಂದುಕೊಂಡು ದಿನವೂ ನೀರು ಸುರಿದೆ. ಬೇರಿಗೆ ಬೆಳಕಿಲ್ಲ, ಅದು ಬದುಕುವುದು ಎಲೆ ಕಳಿಸಿದ ಸಕ್ಕರೆ ಮತ್ತು ಮಣ್ಣಿನ ಸಂದಿಯ ಗಾಳಿಯಿಂದ. ಆ ಸಂದಿಗಳಲ್ಲಿ ನೀರು ನಿಂತರೆ ಉಸಿರು ಕಟ್ಟುತ್ತದೆ, ಯಾಕೆಂದರೆ ನೀರಿನಲ್ಲಿ ಆಮ್ಲಜನಕ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಉಸಿರಾಡದ ಬೇರು ನೀರು ಹೀರಲಾರದು. ಸುತ್ತ ನೀರಿದ್ದೂ ಎಲೆ ಬಾಡುತ್ತದೆ!

ಈಗ ಎಲೆ ಬಾಡಿದರೆ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡ್ತೀನಿ. ಒಣಗಿದ್ದರೆ ನೀರು. ಒದ್ದೆಯಾಗಿದ್ದರೆ ಕುಂಡದ ತಳದ ತೂತು ಕಟ್ಟಿದೆಯಾ ಅಂತ ಪರೀಕ್ಷೆ. ಬೇರು ಕಂದಾಗಿ, ಮೆತ್ತಗಾಗಿ, ಕೊಳೆತ ವಾಸನೆ ಬಂದರೆ ಆ ಭಾಗ ಕತ್ತರಿಸಿ ಮಣ್ಣು ಬದಲಿಸುವುದೇ ದಾರಿ.

ಅಕ್ಕನ ಮಗಳು ‘ತಪ್ಪು’ ಅಂತ ಬರೆದು, ಕಾರಣದ ಜಾಗದಲ್ಲಿ ಎರಡು ಡಬ್ಬಿಗಳ ಚಿತ್ರ ಬಿಡಿಸಿದ್ದಾಳೆ.